‘ಓಡಬೇಡಿ’ ಅನ್ನಬೇಡಿ: ಶಾಲೆಯ ಮಾಕ್ ಡ್ರಿಲ್‌ಗೆ ಘೋಷಣೆ ಬರೆದು, ಓದುವ ಕ್ರಮ

ಮಾಕ್ ಡ್ರಿಲ್ ಕೆಟ್ಟಿತು ಅಂದರೆ ಬಹುಪಾಲು ಮೈಕಿನ ಮಾತು ಕೆಟ್ಟಿದೆ ಎಂದೇ ಅರ್ಥ. ಒಂದು ನಿಮಿಷದ ಉದ್ದ ಭಾಷಣವನ್ನು ಒಂದೇ ಉಸಿರಿಗೆ ಓದುತ್ತಾರೆ. ಮೊದಲ ಹತ್ತು ಸೆಕೆಂಡಿಗೇ ಮಕ್ಕಳು ಎದ್ದು ಗಲಾಟೆ ಶುರುವಾಗಿ ಉಳಿದದ್ದು ಯಾರ ಕಿವಿಗೂ ಬೀಳುವುದಿಲ್ಲ. ಎಲ್ಲರೂ ಹತ್ತಿರದ ಮೆಟ್ಟಿಲಿಗೆ ನುಗ್ಗುತ್ತಾರೆ, ತಿರುವಿನಲ್ಲಿ ಸಾಲು ಕಚ್ಚಿಕೊಳ್ಳುತ್ತದೆ. ಮುಂದಿನ ವರ್ಷವೂ ಅದೇ ಕಾಗದ ಹೊರಬರುತ್ತದೆ.

ಲೆಕ್ಕ ಸುಲಭವಾಗಲೆಂದು ಇಲ್ಲಿ ಒಂದು ಶಾಲೆಯನ್ನು ಕಲ್ಪಿಸಿಕೊಂಡಿದ್ದೇವೆ. ತೀರ್ಥಹಳ್ಳಿ, ಹೊಸನಗರದ ಕಡೆ ಗುಡ್ಡದ ಓರೆಯಲ್ಲಿ ಕಟ್ಟಿದ, ಒಂದು ಮಹಡಿಯ ಶಾಲೆ. ಕೆಳಗೆ ಆರು ಮತ್ತು ಏಳನೇ ತರಗತಿ, ಒಟ್ಟು 70 ಮಕ್ಕಳು. ಮೇಲೆ ಎಂಟು, ಒಂಬತ್ತು, ಹತ್ತು. ತಲಾ ಎರಡು ವಿಭಾಗ, ವಿಭಾಗಕ್ಕೆ 35ರಂತೆ 210 ಮಕ್ಕಳು. ಮೆಟ್ಟಿಲು ಎರಡು: ಒಂದು ಧ್ವಜಕಂಬದ ಕಡೆ, ಇನ್ನೊಂದು ಬಿಸಿಯೂಟದ ಅಡುಗೆಮನೆ ಕಡೆ. ಅಭ್ಯಾಸದ ಸಂದರ್ಭ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆ.

## ಹಂತ 1: ಬರೆಯುವ ಮೊದಲು ದಾರಿ ನಡೆದು ನೋಡಿ

‘ಎಲ್ಲರೂ ಮೈದಾನಕ್ಕೆ ಬನ್ನಿ’ ಎಂದು ಬರೆದುಬಿಡುವುದು ಮೊದಲ ತಪ್ಪು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ್ದು ಮೇಲಕ್ಕೆ ಹೋಗದೆ ನೆಲ ಹಿಡಿದು ತಗ್ಗಿಗೆ ಇಳಿಯುತ್ತದೆ, ಚರಂಡಿಯಲ್ಲೂ ಹಳ್ಳದಲ್ಲೂ ನಿಲ್ಲುತ್ತದೆ. ನಮ್ಮ ಕಡೆ ಆಟದ ಮೈದಾನ ಎಂದರೆ ಸಾಮಾನ್ಯವಾಗಿ ಗುಡ್ಡ ಕಡಿದು ಕಟ್ಟಡಕ್ಕಿಂತ ಒಂದಾಳು ಕೆಳಗೆ ಮಾಡಿದ ಸಮತಟ್ಟು ಜಾಗ. ಅಡುಗೆಮನೆ ಅದರ ನೆತ್ತಿಯ ಮೇಲಿದ್ದರೆ, 280 ಮಕ್ಕಳನ್ನು ಸಾಲಾಗಿ ಗ್ಯಾಸ್ ಇಳಿಯುವ ಕಡೆಗೇ ಕಳಿಸಿದಂತಾಗುತ್ತದೆ.

ಪರೀಕ್ಷೆ ಕಷ್ಟವಿಲ್ಲ. ಮಳೆ ಬಂದಾಗ ಅಡುಗೆಮನೆ ಅಂಗಳದ ನೀರು ಎತ್ತ ಹರಿಯುತ್ತದೆ ನೋಡಿ. ಗ್ಯಾಸೂ ಹೆಚ್ಚುಕಡಿಮೆ ಅತ್ತಲೇ ಇಳಿಯುತ್ತದೆ. ಸೇರುವ ಜಾಗ ಅದರ ವಿರುದ್ಧ ಬದಿಗೆ, ಎತ್ತರದಲ್ಲಿ ಇರಬೇಕು. ನಮ್ಮ ಶಾಲೆಯಲ್ಲಿ ಅದು ರಸ್ತೆ ಬದಿಯ ಧ್ವಜಕಂಬದ ಅಂಗಳ. ಗುಡುಗು–ಸಿಡಿಲಿನ ದಿನ ಅಭ್ಯಾಸವನ್ನೇ ಮುಂದೂಡಿ. ಬಯಲಿನಲ್ಲಿ ಕಂಬದ ಬುಡದಲ್ಲೋ ಮರದಡಿಯಲ್ಲೋ ಮಕ್ಕಳನ್ನು ನಿಲ್ಲಿಸುವ ಹಾಗಿಲ್ಲ.

ಆಮೇಲೆ ಮೇಲಿನ ಕೊನೆಯ ಕೋಣೆಯಿಂದ ಅಂಗಳದವರೆಗೆ ನೀವೇ ಒಮ್ಮೆ ನಡೆಯಿರಿ. ಮಳೆಗಾಲದಲ್ಲೇ ನಡೆದರೆ ಒಳ್ಳೆಯದು. ಕಾರಿಡಾರಿನ ಕಂಬಿಗೆ ನೇತುಹಾಕಿದ ಕೊಡೆಗಳು ದಾರಿಯ ಅರ್ಧ ತಿಂದಿರುತ್ತವೆ. ಕೋಣೆಯ ಬಾಗಿಲಲ್ಲಿ ಚಪ್ಪಲಿ ರಾಶಿ. ಮೆಟ್ಟಿಲಿನ ಬುಡದಲ್ಲಿ ಪಾಚಿ. ಕೊಡೆಯನ್ನೂ ಚಪ್ಪಲಿಯನ್ನೂ ಅಭ್ಯಾಸದ ದಿನಕ್ಕೆಂದು ತೆಗೆಸಿಡಬೇಡಿ, ನಿಜವಾದ ದಿನ ಅವು ಅಲ್ಲೇ ಇರುತ್ತವೆ. ಪಾಚಿಯನ್ನು ಮಾತ್ರ ಉಜ್ಜಿಸಿ, ಅದು ಯಾವ ದಿನವೂ ಇರಕೂಡದು.

## ಹಂತ 2: ಯಾರು ಮೊದಲು ಎಂಬುದನ್ನು ಲೆಕ್ಕ ಹಾಕಿ

ಅಡುಗೆಮನೆ ಕಡೆಯ ಮೆಟ್ಟಿಲು ಈ ಸಂದರ್ಭದಲ್ಲಿ ಬಳಕೆಗಿಲ್ಲ. 210 ಮಕ್ಕಳೂ ಒಂದೇ ಮೆಟ್ಟಿಲಲ್ಲಿ ಇಳಿಯಬೇಕು. ಶಿಸ್ತಾಗಿ ನಡೆಯುವ ಒಂದು ಸಾಲಿನಿಂದ ಸೆಕೆಂಡಿಗೆ ಸುಮಾರು ಒಬ್ಬರು ಇಳಿಯುತ್ತಾರೆ ಎಂದು ಹಿಡಿಯಿರಿ. ಅಕ್ಕಪಕ್ಕ ಇಬ್ಬರು ಆರಾಮಾಗಿ ನಡೆಯುವಷ್ಟು ಅಗಲವಿದ್ದರೆ ಎರಡು ಸಾಲು. ಅಂದರೆ 35 ಮಕ್ಕಳ ಒಂದು ವಿಭಾಗಕ್ಕೆ 18 ಸೆಕೆಂಡು, ಆರು ವಿಭಾಗಕ್ಕೆ 108 ಸೆಕೆಂಡು. ನಡುವಿನ ಅಂತರ ಸೇರಿಸಿದರೆ ಎರಡು ನಿಮಿಷ ದಾಟುತ್ತದೆ. ಈ ಲೆಕ್ಕ ಗಡಿಯಾರ ಹಿಡಿದು ಮಕ್ಕಳನ್ನು ಅವಸರಪಡಿಸಲಿಕ್ಕಲ್ಲ. ಘೋಷಣೆಯನ್ನು ಸುಮಾರು 20 ಸೆಕೆಂಡಿನ ತುಂಡುಗಳಾಗಿ ಕತ್ತರಿಸಬೇಕು ಎಂದು ಇದರಿಂದ ಗೊತ್ತಾಗುತ್ತದೆ.

ಕ್ರಮ ಹೀಗೆ. ಮೊದಲು ಕೆಳಗಿನ ಎರಡು ತರಗತಿ. ಅವರು ಜಗಲಿಯಿಂದ ನೇರ ಅಂಗಳಕ್ಕೆ ಹೋಗುತ್ತಾರೆ, ಮೇಲಿನವರು ಬರುವಷ್ಟರಲ್ಲಿ ಮೆಟ್ಟಿಲಿನ ಬುಡ ತೆರವಾಗಿರುತ್ತದೆ. ಮೇಲೆ, ಮೆಟ್ಟಿಲಿಗೆ ಹತ್ತಿರವಿರುವ ಎಂಟನೇ ತರಗತಿ ಮೊದಲು, ದೂರದ ಹತ್ತನೇ ತರಗತಿ ಕೊನೆಗೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಹತ್ತನೇ ತರಗತಿ ಅಡುಗೆಮನೆಗೆ ಹತ್ತಿರ, ಅಪಾಯಕ್ಕೂ ಹತ್ತಿರ. ಅವರನ್ನು ಕೊನೆಗೆ ಬಿಡುವುದೇ? ಅವರನ್ನು ಮೊದಲು ಬಿಟ್ಟರೆ ನಾಲ್ಕು ಬಾಗಿಲುಗಳ ಮುಂದೆ ಹಾದು ಬರಬೇಕು. ಒಂದೊಂದು ಬಾಗಿಲಿನಿಂದಲೂ ಮಕ್ಕಳು ಇಣುಕಿ ಸಾಲಿಗೆ ಸೇರಿಕೊಳ್ಳುತ್ತಾರೆ, ಕಾರಿಡಾರು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅವರನ್ನು ಕೋಣೆಯೊಳಗೆ ಕಾಯಿಸಬೇಡಿ. ಕೆಳಗಿನ ತರಗತಿಗಳನ್ನು ಕಳಿಸುವ ಘೋಷಣೆಯಲ್ಲೇ ಕರೆಸಿಕೊಂಡು, ಕಾರಿಡಾರಿಗೆ ಬಂದು, ಧ್ವಜಕಂಬದ ಕಡೆಗೆ ಮುಖ ಮಾಡಿ ನಿಲ್ಲಲಿ. ಮುಂದಿನ ಸಾಲು ಸರಿದಂತೆ ಅವರೂ ಅಡುಗೆಮನೆಯಿಂದ ದೂರ ಸರಿಯುತ್ತಿರುತ್ತಾರೆ.

## ಹಂತ 3: ಅರ್ಧ ಕೇಳಿದರೂ ಸರಿಯಾಗುವ ವಾಕ್ಯ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವ ಭಾಗ ಇದು. ಕನ್ನಡದಲ್ಲಿ ‘ಬೇಡ’ ಎಂಬುದು ಮಾತಿನ ಬಾಲದಲ್ಲಿ ಬರುತ್ತದೆ. ಗದ್ದಲದಲ್ಲಿ ಮೊದಲು ಕಳೆದುಹೋಗುವುದೂ ಬಾಲವೇ. ‘ಓಡಬೇಡಿ’ ಎಂದು ಕೂಗಿದರೆ ಕಾರಿಡಾರಿನ ತುದಿಗೆ ಮುಟ್ಟುವುದು ‘ಓಡ…’ ಮಾತ್ರ. ‘ನಿಲ್ಲಬೇಡಿ’ ಎಂದದ್ದು ‘ನಿಲ್ಲ…’ ಆಗಿ ಮಕ್ಕಳು ಗಕ್ಕನೆ ನಿಲ್ಲುತ್ತಾರೆ. ಘೋಷಣೆ ಬರೆದಾದ ಮೇಲೆ ‘ಬೇಡಿ’, ‘ಬಾರದು’, ‘ಇಲ್ಲ’, ‘ಅಲ್ಲ’ ಎಂಬಲ್ಲೆಲ್ಲ ಕೆಂಪು ಗೆರೆ ಎಳೆದು, ಮಾಡಬೇಕಾದ್ದನ್ನು ಹೇಳುವ ಮಾತು ಬರೆಯಿರಿ. ‘ಓಡಬೇಡಿ’ ಹೋಗಿ ‘ನಡೆಯಿರಿ’ ಬರಲಿ. ‘ನಿಲ್ಲಬೇಡಿ’ ಇದ್ದಲ್ಲಿ ‘ಮುಂದೆ ಸಾಗಿ’. ‘ಬ್ಯಾಗು, ಕೊಡೆ, ಚಪ್ಪಲಿ ತೆಗೆದುಕೊಳ್ಳಬೇಡಿ’ ಎಂಬ ಸಾಲಂತೂ ಮೂರು ವಸ್ತುಗಳನ್ನು ನೆನಪಿಸಿಯೇ ಕೆಡಿಸುತ್ತದೆ. ‘ಇದ್ದ ಹಾಗೆ, ಬರಿಗೈಯಲ್ಲಿ ಬನ್ನಿ’ ಸಾಕು.

ಮುಚ್ಚಿದ ದಾರಿಯ ಹೆಸರಿಗೂ ಇದೇ ನ್ಯಾಯ. ‘ಅಡುಗೆಮನೆ ಕಡೆಯ ಮೆಟ್ಟಿಲು ಬಳಸಬೇಡಿ’ ಎಂದರೆ ಅರ್ಧ ಕೇಳಿದವರು ಅಲ್ಲಿಗೇ ಹೋಗುತ್ತಾರೆ. ಮೈಕಿನಲ್ಲಿ ತೆರೆದ ದಾರಿಯ ಹೆಸರು ಮಾತ್ರ ಬರಲಿ. ಮುಚ್ಚಿದ ಮೆಟ್ಟಿಲಿನ ಮೇಲ್ತುದಿಯಲ್ಲಿ ಒಬ್ಬ ಮೇಷ್ಟ್ರು ಕೈ ಅಗಲಿಸಿ ನಿಂತು, ಕೊನೆಯ ಸಾಲಿನ ಜೊತೆ ತಾವೂ ಹೊರಡಲಿ. ನಿಜವಾದ ದಿನ ಅಲ್ಲಿ ವಾಸನೆ ಬಂದರೆ ಕಾಯದೆ ಮಕ್ಕಳ ಹಿಂದೆಯೇ ಸರಿದುಬಿಡಬೇಕು.

ಎಡ–ಬಲ ಎಂದೂ ಬರೆಯಬೇಡಿ. ಮೈಕು ಹಿಡಿದವರು ಅಂಗಳದಲ್ಲಿ ಕಟ್ಟಡಕ್ಕೆ ಮುಖ ಮಾಡಿರುತ್ತಾರೆ. ಅವರ ಎಡ ಮಕ್ಕಳಿಗೆ ಬಲ. ಧ್ವಜಕಂಬ, ನೀರಿನ ಟ್ಯಾಂಕು, ಆಫೀಸು ರೂಮು, ಹೀಗೆ ಮಕ್ಕಳ ಬಾಯಲ್ಲಿ ದಿನವೂ ಬರುವ ಗುರುತು ಇರಲಿ.

ವಾಕ್ಯದ ಮೊದಲ ಪದ ಯಾರಿಗೆ ಹೇಳುತ್ತಿದ್ದೀರೋ ಅವರದು. ‘ಧ್ವಜಕಂಬದ ಕಡೆಯ ಮೆಟ್ಟಿಲಿನಿಂದ ನಿಧಾನವಾಗಿ ಎಂಟನೇ ತರಗತಿಯವರು ಇಳಿಯಿರಿ’ ವ್ಯಾಕರಣಕ್ಕೆ ತಪ್ಪಿಲ್ಲ. ಆದರೆ ತಮಗೆ ಹೇಳಿದ್ದು ಎಂದು ಎಂಟನೆಯವರಿಗೆ ಗೊತ್ತಾಗುವಷ್ಟರಲ್ಲಿ ಎಲ್ಲಿ ಇಳಿಯಬೇಕು ಎಂಬುದು ಮರೆತಿರುತ್ತದೆ. ‘ಎಂಟನೇ ತರಗತಿ. ಧ್ವಜಕಂಬದ ಮೆಟ್ಟಿಲು. ಇಳಿಯಿರಿ’ ಎಂದು ಮೂರು ತುಂಡು ಮಾಡಿ, ಪ್ರತಿ ತುಂಡಿನ ನಂತರ ಒಂದು ಉಸಿರಿನಷ್ಟು ಬಿಡಿ. ಕಾರಿಡಾರಿನ ಪ್ರತಿಧ್ವನಿ ಆರಲು ಅಷ್ಟು ಹೊತ್ತು ಬೇಕು.

ಕನ್ನಡಕ್ಕೇ ಇರುವ ಇನ್ನೊಂದು ತೊಡಕು ‘ಏಳು’. ಅದು ಸಂಖ್ಯೆಯೂ ಹೌದು, ಎದ್ದೇಳು ಎಂಬ ಅಪ್ಪಣೆಯೂ ಹೌದು. ‘ಎಲ್ಲರೂ ಏಳಿ’ ಎಂದರೆ ಏಳನೇ ತರಗತಿ ತಮ್ಮನ್ನೇ ಕರೆದರು ಎಂದು ಹೊರಟುಬಿಡಬಹುದು. ‘ಎದ್ದು ನಿಲ್ಲಿ’ ಎಂದು ಬರೆಯಿರಿ. ಕೋಣೆಗಳಿಗೆ ನದಿಗಳ ಹೆಸರಿಟ್ಟಿದ್ದರೂ ಹುಷಾರು: ತುಂಗಾ, ಭದ್ರಾ ಬೇರೆ ಬೇರೆ ಕೇಳುತ್ತವೆ, ಶರಾವತಿ–ಕುಮುದ್ವತಿ ದೂರಕ್ಕೆ ಬರೀ ‘…ವತಿ’.

ಕೊನೆಯದು ‘ಅಭ್ಯಾಸ’ ಎಂಬ ಪದ. ಅಭ್ಯಾಸಕ್ಕೆ ‘ಇದು ಅಭ್ಯಾಸ’, ನಿಜಕ್ಕೆ ‘ಇದು ಅಭ್ಯಾಸವಲ್ಲ’ ಎಂದು ಇಟ್ಟುಕೊಂಡವರು ಜೀವದ ವಿಷಯವನ್ನು ಕೊನೆಯ ಎರಡು ಅಕ್ಷರಕ್ಕೆ ನೇತುಹಾಕಿದ್ದಾರೆ. ನಿಜವಾದ ಅಪಾಯಕ್ಕೆ ‘ಇದು ನಿಜ’ ಎಂಬ ಬೇರೆಯೇ ಮಾತಿರಲಿ. ಅಭ್ಯಾಸದ ನಡುವೆ ನಿಜವಾಗಿ ಯಾರಿಗಾದರೂ ಪೆಟ್ಟಾದರೆ ‘ಅಭ್ಯಾಸ ಮುಗಿಯಿತು. ಇದು ನಿಜ’ ಎಂದು ಶುರುಮಾಡಬೇಕು ಎಂಬುದು ಶಿಕ್ಷಕರಿಗೆಲ್ಲ ಗೊತ್ತಿರಲಿ.

## ಹಂತ 4: ಓದಬೇಕಾದ ಘೋಷಣೆ

ಒಂದೊಂದು ತುಂಡನ್ನೂ ಒಂದೊಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೂಲೆಗೆ ದಾರ ಕಟ್ಟಿ ಮೆಗಾಫೋನಿನ ಜೊತೆಗೇ ಇಡಿ. ಫೋನಿನಲ್ಲಿ ಬರೆದಿಟ್ಟುಕೊಂಡರೆ ಮಳೆಹನಿ ಬಿದ್ದ ಪರದೆ ಬೆರಳಿಗೆ ಬಗ್ಗುವುದಿಲ್ಲ.

ರಟ್ಟು 1, ಗಂಟೆ ನಿಂತ ಮೇಲೆ. ಎರಡು ಸಲ ಓದಿ.

> ಮಕ್ಕಳೇ, ಗಮನ ಕೊಡಿ. ಇದು ಅಭ್ಯಾಸ.
> ಎದ್ದು ನಿಲ್ಲಿ. ಇದ್ದ ಹಾಗೆ, ಬರಿಗೈಯಲ್ಲಿ.
> ನಿಮ್ಮ ಟೀಚರ್ ಹಿಂದೆ ಎರಡು ಸಾಲು.

ರಟ್ಟು 2, ಕೆಳಗಿನ ತರಗತಿಗಳು ಮತ್ತು ಹತ್ತನೆಯವರು.

> ಆರನೇ ತರಗತಿ. ಏಳನೇ ತರಗತಿ. ಧ್ವಜಕಂಬದ ಅಂಗಳ. ನಡೆಯಿರಿ.
> ಹತ್ತನೇ ತರಗತಿ. ಕಾರಿಡಾರಿಗೆ ಬನ್ನಿ. ಧ್ವಜಕಂಬದ ಕಡೆ ಮುಖ ಮಾಡಿ ನಿಲ್ಲಿ.

ರಟ್ಟು 3, ಮೆಟ್ಟಿಲಿನ ಬುಡದ ಶಿಕ್ಷಕರು ಕೈ ಎತ್ತಿದ ಮೇಲೆ.

> ಎಂಟನೇ ತರಗತಿ. ಧ್ವಜಕಂಬದ ಮೆಟ್ಟಿಲು. ಇಳಿಯಿರಿ.
> ಒಂದು ಕೈ ಕಂಬಿಯ ಮೇಲೆ, ಅಥವಾ ಗೋಡೆಯ ಮೇಲೆ. ಕಣ್ಣು ಮೆಟ್ಟಿಲಿನ ಮೇಲೆ.

ರಟ್ಟು 4, ಎಂಟನೆಯ ಎರಡೂ ವಿಭಾಗದ ಬಾಲ ಮೆಟ್ಟಿಲು ಹಿಡಿದ ಮೇಲೆ.

> ಒಂಬತ್ತನೇ ತರಗತಿ. ಧ್ವಜಕಂಬದ ಮೆಟ್ಟಿಲು. ಇಳಿಯಿರಿ.
> ಕೆಳಗೆ ಇಳಿದವರು ಮುಂದೆ ಸಾಗಿ. ಅಂಗಳದವರೆಗೆ ಸಾಗಿ.

ರಟ್ಟು 5.

> ಹತ್ತನೇ ತರಗತಿ. ಧ್ವಜಕಂಬದ ಮೆಟ್ಟಿಲು. ಇಳಿಯಿರಿ.
> ಕೊನೆಯ ಟೀಚರ್, ಬಾಗಿಲು ಎಳೆದುಕೊಂಡು ಬನ್ನಿ.

ರಟ್ಟು 4ರ ಎರಡನೆಯ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಮೆಟ್ಟಿಲು ಇಳಿದವರಿಗೆ ತಮ್ಮ ಕೆಲಸ ಮುಗಿಯಿತು ಅನ್ನಿಸಿ ಬುಡದಲ್ಲೇ ಗೆಳೆಯರಿಗಾಗಿ ಕಾಯುತ್ತಾರೆ. ಹಿಂದಿನ ನೂರು ಜನಕ್ಕೆ ಅದು ಗೋಡೆ.

‘ಗ್ಯಾಸ್’ ಎಂಬ ಪದ ಯಾವ ರಟ್ಟಿನಲ್ಲೂ ಇಲ್ಲ. ಕಾರಣ ಶಿಕ್ಷಕರಿಗೆ, ಅಡುಗೆಯವರಿಗೆ ಗೊತ್ತಿದ್ದರೆ ಸಾಕು. ಸಾಲಿನಲ್ಲಿರುವ ಮಗುವಿಗೆ ಆ ಕ್ಷಣ ಬೇಕಾದದ್ದು ದಾರಿ. ಅಡುಗೆಯವರಿಗೆ ಮೈಕಿನ ಮಾತು ಬೇಡ, ಹಿಂದಿನ ದಿನವೇ ಕೂತು ಹೇಳಿಡಿ: ಗಂಟೆ ಕೇಳಿದ ಕೂಡಲೇ ಒಲೆ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಹೊರಬಂದು ಅಂಗಳ ಸೇರುವುದು. ನಿಜವಾದ ಸೋರಿಕೆಯಲ್ಲಿ ಕೈಗೆಟಕಿದರೆ ಮಾತ್ರ ರೆಗ್ಯುಲೇಟರ್. ಲೈಟಿನ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಡಿ ಎರಡರಲ್ಲೂ ಹಾರುತ್ತದೆ.

## ಹಂತ 5: ಸಾಲು ಕೆಡುವ ಲಕ್ಷಣ, ಆಗ ಹೇಳಬೇಕಾದ ಮಾತು

ಮೈಕು ಹಿಡಿದವರ ಕಣ್ಣು ರಟ್ಟಿನ ಮೇಲಿರಬಾರದು, ಮೆಟ್ಟಿಲಿನ ತಿರುವಿನ ಮೇಲಿರಬೇಕು. ತಿರುವಿನ ಶಿಕ್ಷಕರು ಕೈ ಎತ್ತಿ ಹಿಡಿದಿದ್ದಾರೆ ಎಂದರೆ ಸಾಲು ಹರಿಯುತ್ತಿದೆ, ಕೈ ಇಳಿಸಿದರೆ ಕಟ್ಟಿದೆ. ಅವರು ಕೈ ಇಳಿಸುವ ಮೊದಲೇ ಕೆಲವು ಗುರುತು ಕಾಣುತ್ತವೆ. ಮಕ್ಕಳು ಮುಂದಿನವರ ಭುಜದ ಮೇಲೆ ಕೈ ಇಡುತ್ತಾರೆ, ತಲೆಗಳು ಹಿಂದಕ್ಕೆ ತಿರುಗುತ್ತವೆ, ನಗು ಕೂಗಾಗುತ್ತದೆ, ಎರಡು ಸಾಲಿನ ನಡುವೆ ಮೂರನೆಯದು ಹುಟ್ಟುತ್ತದೆ.

ಆಗ ಬಾಯಿಗೆ ಮೊದಲು ಬರುವ ಮಾತು ‘ನಿಲ್ಲಿ!’ ಅದೇ ಅಪಾಯ. ಮಾತು ಸ್ಪಷ್ಟವಾಗಿ ಕೇಳುವ ಮುಂದಿನವರು ನಿಲ್ಲುತ್ತಾರೆ, ಸರಿಯಾಗಿ ಕೇಳದ ಹಿಂದಿನವರು ಬರುತ್ತಲೇ ಇರುತ್ತಾರೆ. ಒತ್ತಡವೆಲ್ಲ ಮೆಟ್ಟಿಲಿನ ಮೇಲೆ ಬೀಳುತ್ತದೆ. ಇಳಿಯುವ ಜನವನ್ನು ಹಿಂದಿನಿಂದ ತಡೆಯಬೇಕು, ಮುಂದಿನಿಂದ ಹರಿಯಬಿಡಬೇಕು. ಇದಕ್ಕೊಂದು ರಟ್ಟು ಬೇರೆ ಬಣ್ಣದಲ್ಲಿರಲಿ:

> ಕಾರಿಡಾರಿನಲ್ಲಿ ಇರುವವರು. ಅಲ್ಲೇ ನಿಲ್ಲಿ.
> ಮೆಟ್ಟಿಲಿನ ಮೇಲೆ ಇರುವವರು. ನಿಧಾನವಾಗಿ ಇಳಿಯಿರಿ.
> ಅಂಗಳದವರು. ಇನ್ನೂ ಹತ್ತು ಹೆಜ್ಜೆ ಮುಂದೆ.

ಯಾರಾದರೂ ಜಾರಿ ಬಿದ್ದರೂ ಮೊದಲ ಸಾಲು ಕಾರಿಡಾರಿನವರಿಗೇ. ನಂತರ ‘ಮೆಟ್ಟಿಲಿನ ಮೇಲಿನವರು ಕಂಬಿ ಹಿಡಿದು ನಿಲ್ಲಿ’. ಬಿದ್ದ ಮಗುವನ್ನು ತಿರುವಿನ ಶಿಕ್ಷಕರು ನೋಡಿಕೊಳ್ಳುತ್ತಾರೆ. ಮೈಕಿನಲ್ಲಿ ಆ ಮಗುವಿನ ಹೆಸರು ಬಂದರೆ ಇಡೀ ಸಾಲು ತಿರುಗಿ ನೋಡುತ್ತದೆ.

ದನಿಯ ಬಗ್ಗೆ ಒಂದು ಮಾತು. ಗದ್ದಲ ಏರಿದಂತೆ ನಿಮ್ಮ ದನಿಯೂ ಏರಿ ಕೀರಲಾಗುತ್ತದೆ. ಅದನ್ನು ಕೇಳಿದ ಮಕ್ಕಳು ಏನೋ ಕೆಟ್ಟಿದೆ ಎಂದು ಅವಸರ ಮಾಡುತ್ತಾರೆ. ಗಟ್ಟಿಯಾಗಿ ಮಾತಾಡಿ, ಆದರೆ ಹಾಜರಿ ಕೂಗುವ ದನಿಯಲ್ಲೇ. ‘ಬೇಗ ಬೇಗ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು, ಜೊತೆಗೆ ನಡೆಯುವ ಶಿಕ್ಷಕರಿಗೂ ಇದನ್ನು ಹೇಳಿ.

## ಹಂತ 6: ಕರೆಂಟಿಲ್ಲದ, ಮಳೆ ಸುರಿಯುವ ದಿನಕ್ಕೆ ಸಲಕರಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟನ್ನು ನಂಬಿ ಘೋಷಣೆ ಕಟ್ಟುವ ಹಾಗಿಲ್ಲ. ಗ್ಯಾಸ್ ಸಂದರ್ಭದಲ್ಲಂತೂ ಕರೆಂಟಿದ್ದರೂ ಎಲೆಕ್ಟ್ರಿಕ್ ಬೆಲ್ಲಿನ ಸ್ವಿಚ್ಚು ಮುಟ್ಟಬಾರದು. ಕಟ್ಟಡದ ಧ್ವಜಕಂಬದ ಕಡೆಯ ತುದಿಯಲ್ಲಿ ಕೈಯಲ್ಲಿ ಬಡಿಯುವ ಕಬ್ಬಿಣದ ಗಂಟೆ ಕಟ್ಟಿ. ಪಿರಿಯಡ್ ಬದಲಾವಣೆಯ ಬಡಿತಕ್ಕಿಂತ ಬೇರೆ ಕೇಳಬೇಕು: ಬಿಡದೆ 20 ಸೆಕೆಂಡು ಬಡಿದು, ಪೂರ್ತಿ ನಿಲ್ಲಿಸಿ, ಆಮೇಲೆ ಮಾತು. ಗಂಟೆಯ ಮೇಲೆಯೇ ಮಾತಾಡುವುದು ಬಹಳ ಕಡೆ ಕಾಣುವ ತಪ್ಪು.

ಬ್ಯಾಟರಿ ಮೆಗಾಫೋನ್ ಒಂದು ಸಾಕು, ಜೊತೆಗೆ ಒಂದು ಸೆಟ್ ಹೊಸ ಸೆಲ್ಲು. ಮಳೆಗಾಲದ ತೇವಕ್ಕೆ ಸೆಲ್ಲು ಒಳಗೇ ಉಳಿದರೆ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ, ಬೇಕಾದ ದಿನ ಸದ್ದು ಬರುವುದಿಲ್ಲ. ಸೆಲ್ಲನ್ನು ಹೊರಗೆ ಡಬ್ಬಿಯಲ್ಲಿಟ್ಟು, ತಿಂಗಳಿಗೊಮ್ಮೆ ಹಾಕಿ ಒಂದು ವಾಕ್ಯ ಓದಿ ನೋಡಿ. ಬಾಯಿಗೂ ಮೈಕಿಗೂ ಮೂರು ಬೆರಳಿನಷ್ಟು ಅಂತರ. ತುತ್ತೂರಿಯ ಬಾಯಿ ಹತ್ತಿರದ ಗೋಡೆಗೆ ತಿರುಗಿದ್ದರೆ ಕುಯ್ಯೆಂದು ಕೂಗುತ್ತದೆ, ಕಾರಿಡಾರಿನ ಉದ್ದಕ್ಕೆ ತಿರುಗಿಸಿ.

ತಗಡಿನ ಮಾಡಿನ ಮೇಲೆ ಜೋರು ಮಳೆ ಬಿದ್ದರೆ ಮೆಗಾಫೋನೂ ಸೋಲುತ್ತದೆ. ಅದಕ್ಕೆ ಮೂರು ಜನ ಬೇಕು: ಮೆಟ್ಟಿಲಿನ ತಲೆ, ತಿರುವು, ಬುಡ. ಕೇಳಿದ ಸಾಲನ್ನು ಅವರು ಅದೇ ಪದಗಳಲ್ಲಿ ದಾಟಿಸಬೇಕು, ತಮ್ಮ ಮಾತು ಸೇರಿಸಬಾರದು. ಒಬ್ಬರು ‘ಇಳಿಯಿರಿ’, ಇನ್ನೊಬ್ಬರು ‘ಹೋಗ್ರೋ’, ಮತ್ತೊಬ್ಬರು ‘ಹಾಂ, ನಡೀರಿ ನಡೀರಿ’ ಎಂದರೆ ಮೂರು ಬೇರೆ ಅಪ್ಪಣೆಗಳಾಗುತ್ತವೆ.

ಅಭ್ಯಾಸಕ್ಕೆ ಒಂದು ವಾರ ಮೊದಲು ಹೀಗೆ ಪರೀಕ್ಷಿಸಿ. ಹತ್ತನೆಯ ಕೊನೆಯ ಕೋಣೆಯಲ್ಲಿ ಐದು ಮಕ್ಕಳನ್ನು ಕೂರಿಸಿ, ಅಂಗಳದಿಂದ ರಟ್ಟು 2 ಓದಿ, ಕೇಳಿದ್ದನ್ನು ಬರೆಯಲು ಹೇಳಿ. ಐವರಲ್ಲಿ ಇಬ್ಬರು ಬೇರೆ ಬರೆದರೆ ಮಕ್ಕಳನ್ನು ಬೈಯಬೇಡಿ, ವಾಕ್ಯ ಬದಲಿಸಿ.

ಅಭ್ಯಾಸದ ದಿನಾಂಕವನ್ನು ಪೋಷಕರಿಗೆ, ಅಕ್ಕಪಕ್ಕದ ಮನೆಯವರಿಗೆ, ಹತ್ತಿರದ ಅಗ್ನಿಶಾಮಕ ಠಾಣೆಗೆ ತಿಳಿಸಿಡಿ. ಗಂಟೆ ಕೇಳಿ ಯಾರೋ 112ಕ್ಕೆ ಫೋನು ಮಾಡಿದರೆ ಗಾಡಿ ಸುಮ್ಮನೆ ಘಟ್ಟದ ರಸ್ತೆ ಹಿಡಿಯುತ್ತದೆ.

## ಹಂತ 7: ಅಂಗಳದಲ್ಲಿ ಎಣಿಕೆ ಮತ್ತು ಹಿಂತಿರುಗುವುದು

> ತರಗತಿವಾರು ಸಾಲು. ಕೂತುಕೊಳ್ಳಿ.
> ಟೀಚರ್‌ಗಳು ಎಣಿಸಿ. ಸರಿಯಿದ್ದರೆ ಹಸಿರು ಕಾಗದ. ಕಡಿಮೆಯಿದ್ದರೆ ಕೆಂಪು.

ನೆಲ ಒದ್ದೆಯಿದ್ದರೆ ‘ನಿಂತಲ್ಲೇ ಸಾಲು’ ಎನ್ನಿ. ಹಾಜರಿ ಪುಸ್ತಕ ಟೀಚರ್ ಕೈಯಲ್ಲೇ ಬಂದಿರಬೇಕು. ‘ಬರಿಗೈ’ ಎಂಬ ಮಾತಿಗೆ ಅದೊಂದೇ ಹೊರತು. ಎಣಿಕೆ ಅಂದಿನ ಹಾಜರಿಗೆ ತಾಳೆಯಾಗಬೇಕು, ದಾಖಲಾತಿ ಸಂಖ್ಯೆಗಲ್ಲ. 35ರ ತರಗತಿಯಲ್ಲಿ ಇಬ್ಬರು ರಜೆಯಿದ್ದರೆ 33ಕ್ಕೆ ಹಸಿರು.

ಕೆಂಪು ಕಾಗದ ಎದ್ದರೆ ಕಾಣದ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಬೇಡಿ. ‘ಬಂದಿಲ್ಲ ಸಾರ್’, ‘ಇಲ್ಲೇ ಇದಾನೆ ಸಾರ್’ ಎಂದು ಇಪ್ಪತ್ತು ದನಿ ಏಳುತ್ತವೆ. ಟೀಚರ್ ನಡೆದು ಬಂದು ಹೆಡ್‌ಮೇಷ್ಟ್ರಿಗೆ ಹೇಳಲಿ. ಹುಡುಕಲು ಮಕ್ಕಳನ್ನು ಕಳಿಸುವಂತಿಲ್ಲ. ಬಹುಪಾಲು ಕಾಣೆಯಾದವರು ಶೌಚಾಲಯದಲ್ಲಿರುತ್ತಾರೆ, ಇಲ್ಲವೇ ಪಕ್ಕದ ವಿಭಾಗದ ಸಾಲಿನಲ್ಲಿ ಗೆಳೆಯನ ಜೊತೆ ನಿಂತಿರುತ್ತಾರೆ.

ಎಲ್ಲ ಹಸಿರಾದ ಮೇಲೆ, ಶುರುವಿನಲ್ಲಿ ಕೇಳಿದ ಅದೇ ದನಿ ಮುಗಿಸಬೇಕು:

> ಅಭ್ಯಾಸ ಮುಗಿಯಿತು.
> ಹತ್ತನೇ ತರಗತಿ. ಧ್ವಜಕಂಬದ ಮೆಟ್ಟಿಲು. ಹತ್ತಿರಿ.

ಹತ್ತುವಾಗ ಕ್ರಮ ತಿರುವುಮುರುವು: ದೂರದ ಕೋಣೆಯವರು ಮೊದಲು, ಕೆಳಗಿನವರು ಕೊನೆಗೆ. ‘ಹತ್ತನೇ’ಯ ಪಕ್ಕದಲ್ಲೇ ‘ಹತ್ತಿರಿ’ ಕಿವಿಗೆ ತೊಡರಿದರೆ ‘ಮೇಲೆ ನಡೆಯಿರಿ’ ಎಂದು ಬದಲಿಸಿಕೊಳ್ಳಿ. ಅಭ್ಯಾಸದಲ್ಲಿ ಮಕ್ಕಳು ಹತ್ತುವಾಗಲೂ ಸುಲಭವಾಗಿ ಬೀಳಬಹುದು: ಅಂಗಾಲು ಒದ್ದೆಯಾಗಿರುತ್ತದೆ, ಶಿಸ್ತು ಸಡಿಲವಾಗಿರುತ್ತದೆ. ಬುಡದಲ್ಲಿ ಎರಡು ಗೋಣಿಚೀಲ ಹಾಸಿ, ತಿರುವಿನ ಶಿಕ್ಷಕರನ್ನು ಕೊನೆಯ ಮಗು ಕೋಣೆ ಸೇರುವವರೆಗೆ ಅಲ್ಲೇ ನಿಲ್ಲಿಸಿ.